ತಳದ ಚೀಟಿ ಸವೆದ ಲಿಪ್‌ಸ್ಟಿಕ್: ಅದೇ ಬಣ್ಣ ಮತ್ತೆ ಸಿಗುತ್ತಾ?

ಶಿವಮೊಗ್ಗದ ಚಿಕ್ಕಮ್ಮನಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು. ಕಪ್ಪು ಲಿಪ್‌ಸ್ಟಿಕ್ ಟ್ಯೂಬಿನ ತಳ. ಅದರ ಮೇಲೊಂದು ದುಂಡನೆಯ ಬೆಳ್ಳಿ ಸ್ಟಿಕ್ಕರ್. ಎಡಗಡೆ ಅರ್ಧ ಸವೆದುಹೋಗಿ ಬರೀ ಹೊಳಪು ಉಳಿದಿದೆ. ಹಿಂದೆಯೇ ವಾಯ್ಸ್ ಮೆಸೇಜ್: “ಪುಟ್ಟಿ, ಮದುವೆಗೆ ಇದೇ ಕಲರ್ ಬೇಕು ಕಣೆ. B17 ಅಂತ ಇದೆ ನೋಡು. ಇಲ್ಲಿ ಫ್ಯಾನ್ಸಿ ಸ್ಟೋರ್‌ನವನು ಅಂಥ ನಂಬರೇ ಬರಲ್ಲ ಅಂತಾನೆ.”

ಅಂಗಡಿಯವನು ಹೇಳಿದ್ದು ಸರಿ. B17 ಬಣ್ಣದ ನಂಬರ್ ಅಲ್ಲ, ಬ್ಯಾಚ್ ನಂಬರ್. ಚಿಕ್ಕಮ್ಮನ ತಪ್ಪೂ ಅಲ್ಲ ಬಿಡಿ. ಇಡೀ ಸ್ಟಿಕ್ಕರಿನಲ್ಲಿ ಚೆನ್ನಾಗಿ ಕಾಣುತ್ತಿದ್ದದ್ದು ಅದೊಂದೇ. ಬಣ್ಣದ ಹೆಸರನ್ನು ಸ್ಟಿಕ್ಕರಿನ ಮೇಲೆ ಶಾಯಿಯಲ್ಲಿ ಅಚ್ಚು ಹಾಕಿರುತ್ತಾರೆ. ಬ್ಯಾಚ್ ನಂಬರನ್ನು ಎಷ್ಟೋ ಸಲ ಪ್ಲಾಸ್ಟಿಕ್ಕಿಗೇ ಒತ್ತಿರುತ್ತಾರೆ, ಇಲ್ಲವೇ ಲೇಸರಿನಿಂದ ಕೊರೆದಿರುತ್ತಾರೆ. ಶಾಯಿ ಹೋಗುತ್ತದೆ, ಕೊರೆದದ್ದು ಉಳಿಯುತ್ತದೆ. ಹಾಗಾಗಿ ಹಳೆಯ ಲಿಪ್‌ಸ್ಟಿಕ್‌ಗಳಲ್ಲಿ ನಮಗೆ ಬೇಡದ ನಂಬರ್ ಗಟ್ಟಿಯಾಗಿ ಕೂತಿರುತ್ತದೆ, ಬೇಕಾದದ್ದು ಮಾಯವಾಗಿರುತ್ತದೆ.

ಬ್ಯಾಚ್ ನಂಬರ್ ಹೇಳುವುದು ಸರಕು ಯಾವ ಕಂತಿನಲ್ಲಿ ತಯಾರಾಯಿತು ಅನ್ನುವುದನ್ನು. ಮ್ಯಾಕ್, ಕ್ಲಿನಿಕ್, ಬಾಬಿ ಬ್ರೌನ್ ಇವೆಲ್ಲ ಎಸ್ಟೀ ಲಾಡರ್ ಗುಂಪಿನ ಬ್ರ್ಯಾಂಡ್‌ಗಳು. ಇವುಗಳ ಮೇಲಿನ ಮೂರು ಅಕ್ಷರದ ಕೋಡನ್ನು ಓದುವ ಒಂದು ರೂಢಿ ಇದೆ. ಮೊದಲನೆಯದು ಕಾರ್ಖಾನೆ, ಎರಡನೆಯದು ತಿಂಗಳು, ಮೂರನೆಯದು ವರ್ಷದ ಕೊನೆಯ ಅಂಕಿ. ಚಿಕ್ಕಮ್ಮನದ್ದು ಆ ಗುಂಪಿನದಲ್ಲ. ಆಗಿದ್ದರೆ B17 ಅಂದರೆ 2017ರ ಜನವರಿ ಅಂತ ಓದಬಹುದಿತ್ತು, ಅಥವಾ 2007ರದ್ದು. ಒಂದೇ ಬಣ್ಣದ ಎರಡು ಟ್ಯೂಬ್ ಬೇರೆ ಬೇರೆ ವರ್ಷ ಕೊಂಡಿದ್ದರೆ ಬಣ್ಣದ ನಂಬರ್ ಒಂದೇ ಇರುತ್ತದೆ, ಬ್ಯಾಚ್ ಬೇರೆ ಇರುತ್ತದೆ. ನಮ್ಮಲ್ಲಿ ತಯಾರಾದ ಪ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಅದರ ಮುಂದೆ B. No. ಅಂತಲೋ Batch No. ಅಂತಲೋ ಇರುತ್ತದೆ. ಆ ಮುಂದಿನ ಅಕ್ಷರಗಳೇ ಅಳಿಸಿದ್ದರೆ ಗೊಂದಲ ಖಂಡಿತ.

ಹಾಗಾದರೆ ಬ್ಯಾಚ್ ನಂಬರ್ ವ್ಯರ್ಥವೇ? ಅಲ್ಲ. ಯಾವ ವರ್ಷದ ಸರಕು ಅಂತ ಗೊತ್ತಾದರೆ, ಆ ವರ್ಷ ಆ ಕಂಪನಿಯ ಬಣ್ಣದ ಪಟ್ಟಿಯಲ್ಲಿ ಏನೇನಿತ್ತು ಅಂತ ಹುಡುಕಬಹುದು. ಈಗಿನ ಪಟ್ಟಿಯಲ್ಲಿ ಹುಡುಕಿ “ಇಲ್ಲ” ಅನ್ನುವುದಕ್ಕೂ, ಆಗಿನ ಪಟ್ಟಿಯಲ್ಲಿ ಹುಡುಕುವುದಕ್ಕೂ ತುಂಬ ವ್ಯತ್ಯಾಸ ಇದೆ.

ಫೋಟೊ ಓದಲಿಕ್ಕೆ, ಬಣ್ಣ ನೋಡಲಿಕ್ಕಲ್ಲ

ಇಲ್ಲಿ ಒಂದು ಮಾತು ಮೊದಲೇ ಹೇಳಿಬಿಡಬೇಕು. ಎರಡು ಬೇರೆ ಕೆಲಸಗಳನ್ನು ಜನ ಒಂದೇ ಫೋಟೊದಿಂದ ಮಾಡಲು ಹೋಗುತ್ತಾರೆ. ತಳದಲ್ಲಿ ಏನು ಬರೆದಿದೆ ಅನ್ನುವುದು ಒಂದು ಕೆಲಸ. ಆ ಬಣ್ಣ ನಿಜವಾಗಿ ಹೇಗಿದೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಫೋಟೊ ಸಾಕು. ಎರಡನೆಯದಕ್ಕೆ ಸಾಕಾಗುವುದಿಲ್ಲ.

ನಾನೇ ಒಮ್ಮೆ ಹೀಗೆ ಕೆಟ್ಟಿದ್ದೇನೆ. ನನ್ನ ಹಳೆಯ ಲಿಪ್‌ಸ್ಟಿಕ್ಕಿನ ಕಡ್ಡಿಯ ಫೋಟೊ ತೆಗೆದು, ಅದನ್ನು ಶಾಪಿಂಗ್ ಆ್ಯಪಿನ ಬಣ್ಣದ ಚೌಕಗಳ ಪಕ್ಕ ಹಿಡಿದು, ಹೋಲುವ ಒಂದನ್ನು ತರಿಸಿದೆ. ಪೆಟ್ಟಿಗೆ ಒಡೆದು ಹಚ್ಚಿ ನೋಡಿದರೆ ಇಟ್ಟಿಗೆ ಕೆಂಪು. ನನ್ನದು ಇದ್ದದ್ದು ಗುಲಾಬಿ ಮಿಶ್ರಿತ ಕಂದು. ಫೋಟೊ ತೆಗೆದದ್ದು ಹಳದಿ ಬಲ್ಬಿನ ಕೆಳಗೆ. ಫೋನ್ ತನ್ನ ಲೆಕ್ಕದಲ್ಲಿ ಬೆಳಕನ್ನು ಸರಿಪಡಿಸಿತ್ತು. ಆ್ಯಪಿನ ಚೌಕವೋ, ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ್ದು. ಮೂರು ಸುಳ್ಳು ಸೇರಿದರೆ ಒಂದು ನಿಜ ಆಗುವುದಿಲ್ಲ ಅಲ್ವಾ.

ಕಡ್ಡಿಯ ಬಣ್ಣವನ್ನೇ ನಂಬಬಾರದು ಅನ್ನುವುದಕ್ಕೆ ಕ್ಲಿನಿಕ್‌ನ ಬ್ಲ್ಯಾಕ್ ಹನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1971ರಿಂದ ಇರುವ ಬಣ್ಣ ಅದು. ಟ್ಯೂಬಿನಲ್ಲಿ ಹೆಚ್ಚುಕಡಿಮೆ ಕಪ್ಪಗೇ ಕಾಣುತ್ತದೆ. ತುಟಿಗೆ ಹಚ್ಚಿದರೆ ತೆಳುವಾಗಿ, ನೇರಳೆಹಣ್ಣು ತಿಂದ ತುಟಿಯ ಹಾಗೆ ಆಗುತ್ತದೆ. ಅದರ ಕಡ್ಡಿಯ ಫೋಟೊ ನೋಡಿ ಹೋಲುವುದನ್ನು ಹುಡುಕಿದರೆ, ಗಾಢ ಕಪ್ಪುಕಂದು ಮ್ಯಾಟ್ ಒಂದು ಮನೆಗೆ ಬರುತ್ತದೆ. ಎರಡಕ್ಕೂ ಸಂಬಂಧವೇ ಇಲ್ಲ.

ಹಾಗಾಗಿ ಮೊದಲು ಓದುವ ಕೆಲಸ. ಚಿಕ್ಕಮ್ಮನಿಗೆ ಫೋನ್ ಮಾಡಿ ಇನ್ನೊಂದು ಫೋಟೊ ಬೇಕು ಅಂದೆ. ಫ್ಲ್ಯಾಶ್ ಬೇಡ. ಬೆಳ್ಳಿ ಸ್ಟಿಕ್ಕರಿಗೆ ಫ್ಲ್ಯಾಶ್ ಬಿದ್ದರೆ ನಡುವೆ ಬಿಳಿ ಚುಕ್ಕೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಬೆಳಗ್ಗೆ ಕಿಟಕಿ ಪಕ್ಕ ಟ್ಯೂಬನ್ನು ಮಲಗಿಸಿ, ಬೆಳಕು ಪಕ್ಕದಿಂದ ಸವರಿಕೊಂಡು ಹೋಗುವ ಹಾಗೆ ಇಟ್ಟುಕೊಳ್ಳಿ ಅಂದೆ. ಟ್ಯೂಬನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಐದಾರು ಫೋಟೊ. ಶಾಯಿ ಹೋದರೂ ಅದು ಕೂತಿದ್ದ ಜಾಗದಲ್ಲಿ ಸ್ಟಿಕ್ಕರಿನ ಹೊಳಪು ತುಸು ಬೇರೆ ಇರುತ್ತದೆ. ಓರೆ ಬೆಳಕಿನಲ್ಲಿ ಅಕ್ಷರದ ನೆರಳು ಎದ್ದು ಬರುತ್ತದೆ. ಇದೊಂದೇ ಉಪಾಯದಿಂದ ಅರ್ಧಕ್ಕರ್ಧ ಕೇಸು ಮುಗಿಯುತ್ತವೆ.

ಕಳಿಸುವಾಗ ಮಾಮೂಲಿ ಫೋಟೊ ಹಾಗೆ ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಮಸುಕು ಅಕ್ಷರದ ಅಂಚು ಮೊದಲು ಹೋಗುವುದು ಅಲ್ಲೇ. ಡಾಕ್ಯುಮೆಂಟ್ ಆಗಿ ಕಳಿಸಿದರೆ ತೆಗೆದ ಹಾಗೇ ಬರುತ್ತದೆ. ಆಮೇಲೆ ಫೋನಿನ ಎಡಿಟ್‌ನಲ್ಲಿ ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ ನೋಡಿ. ತೀರ ಹತ್ತಿರ ಹಿಡಿದು ಝೂಮ್ ಮಾಡಿದರೆ ಒಂದು ಅಪಾಯವಿದೆ. ಫೋನಿನ ಕ್ಯಾಮೆರಾ ಮಸುಕು ಗೆರೆಗಳನ್ನು ತಾನೇ ತೀಡಿ ಚೊಕ್ಕ ಮಾಡಲು ನೋಡುತ್ತದೆ. 3 ಇದ್ದದ್ದು 8 ಆಗಬಹುದು, 6 ಇದ್ದದ್ದೂ 8 ಆಗಬಹುದು. ಒಂದೇ ಫೋಟೊದಲ್ಲಿ ಓದಿದ ಅಂಕಿಯನ್ನು ನಂಬಬೇಡಿ. ಬೇರೆ ಬೇರೆ ಕೋನದ ಮೂರು ಫೋಟೊದಲ್ಲಿ ಅದೇ ಅಂಕಿ ಕಂಡರೆ ಸರಿ.

ಇನ್ನೊಂದು, ದಯವಿಟ್ಟು ಸ್ಯಾನಿಟೈಜರ್ ಹಾಕಿ ಒರೆಸಬೇಡಿ. ನೇಲ್ ಪಾಲಿಶ್ ರಿಮೂವರ್ ಅಂತೂ ಬೇಡವೇ ಬೇಡ. ಕೊಳೆ ಹೋಗುವ ಜೊತೆಗೆ ಉಳಿದ ಶಾಯಿಯೂ ಹೋಗುತ್ತದೆ. ಒಣ ಹತ್ತಿ ಬಟ್ಟೆ ಸಾಕು. ಅಂಕಿ ಒತ್ತಿದ್ದಾಗಿದ್ದರೆ ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಸವರಿ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುತ್ತಿರಲಿಲ್ವಾ, ಅದೇ ಆಟ.

ಚಿಕ್ಕಮ್ಮನ ಎರಡನೇ ಕಂತಿನ ಫೋಟೊಗಳಲ್ಲಿ ನಾಲ್ಕು ಸಂಗತಿ ಸಿಕ್ಕವು. ಬಣ್ಣದ ನಂಬರಿನ ಕೊನೆಯ ಅಂಕಿ 3. ಹೆಸರಿನ ಕೊನೆಯ ಮೂರು ಅಕ್ಷರ RRY. ತೂಕ 4.2 ಗ್ರಾಂ. ಮತ್ತೆ ಮುಚ್ಚಳ ತೆಗೆದ ಡಬ್ಬಿಯ ಚಿತ್ರದೊಳಗೆ 24M. ಈ ಕೊನೆಯದರ ಅರ್ಥ, ತೆರೆದ ಮೇಲೆ 24 ತಿಂಗಳೊಳಗೆ ಬಳಸಿ ಅಂತ. ಚಿಕ್ಕಮ್ಮ ಅದನ್ನು ಎಷ್ಟು ವರ್ಷದಿಂದ ಬಳಸುತ್ತಿದ್ದಾರೆ ಅಂತ ನಾನು ಕೇಳಲಿಲ್ಲ.

ಅರ್ಧ ಓದಿದ್ದನ್ನು ಪೂರ್ತಿ ಮಾಡುವುದು

ಇಲ್ಲಿ ತೂಕ ಉಪಯೋಗಕ್ಕೆ ಬರುತ್ತದೆ. ಯಾರೂ ಅದನ್ನು ಗಮನಿಸುವುದಿಲ್ಲ. ಒಂದೇ ಕಂಪನಿ ಮೂರು ನಾಲ್ಕು ಬಗೆಯ ಲಿಪ್‌ಸ್ಟಿಕ್ ಮಾಡುತ್ತದೆ. ಮ್ಯಾಟ್ ಒಂದು, ಸ್ಯಾಟಿನ್ ಒಂದು, ಮಿನುಗಿನದ್ದು ಒಂದು. ಎಷ್ಟೋ ಸಲ ಇವುಗಳ ತೂಕ ಬೇರೆ ಬೇರೆ ಇರುತ್ತದೆ. ಈ ಕಂಪನಿಯಲ್ಲೂ ಹಾಗೇ. ಮ್ಯಾಟ್ ಕಡಿಮೆ ತೂಕದ್ದು, 4.2 ಗ್ರಾಂ ಇದ್ದದ್ದು ಸ್ಯಾಟಿನ್ ಬಗೆ ಮಾತ್ರ. ಅಲ್ಲಿಗೆ ನೂರಾರು ಬಣ್ಣದಲ್ಲಿ ಮೂವತ್ತು ಚಿಲ್ಲರೆ ಉಳಿದವು.

ಆ ಸ್ಯಾಟಿನ್ ಬಗೆಯ ಹಳೆಯ ಪಟ್ಟಿ ಎಲ್ಲಿ ಸಿಗುತ್ತದೆ? ಕಂಪನಿಯ ವೆಬ್‌ಸೈಟಿನಲ್ಲಿ ಈಗಿನದಷ್ಟೇ ಇರುತ್ತದೆ. ಆದರೆ ಶಾಪಿಂಗ್ ಸೈಟುಗಳಲ್ಲಿ ‘ಸ್ಟಾಕ್ ಇಲ್ಲ’ ಅಂತ ಬೂದು ಬಣ್ಣಕ್ಕೆ ತಿರುಗಿದ ಹಳೆಯ ಪುಟಗಳು ವರ್ಷಗಟ್ಟಲೆ ಬಿದ್ದಿರುತ್ತವೆ. ಅವುಗಳಲ್ಲಿ ಬಣ್ಣದ ಹೆಸರು, ನಂಬರ್ ಎರಡೂ ಇರುತ್ತವೆ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇನ್ನೂ ಸುಲಭ. ಆನ್‌ಲೈನಿನಲ್ಲಿ ಕೊಂಡಿದ್ದರೆ ಆ್ಯಪಿನ ಹಳೆಯ ಆರ್ಡರ್‌ಗಳಲ್ಲಿ, ಇಲ್ಲವೇ ಮೇಲ್‌ಗೆ ಬಂದ ಬಿಲ್ಲಿನಲ್ಲಿ ಪೂರ್ತಿ ಹೆಸರು ಇರುತ್ತದೆ. ತಳದ ಸ್ಟಿಕ್ಕರ್ ಹಿಡಿದು ಒಂದು ವಾರ ಒದ್ದಾಡಿ, ಕೊನೆಗೆ ಮೇಲ್‌ನಲ್ಲಿ ಎರಡು ನಿಮಿಷಕ್ಕೆ ಉತ್ತರ ಸಿಕ್ಕಿದವರು ಇದ್ದಾರೆ. ಚಿಕ್ಕಮ್ಮ ಕೊಂಡದ್ದು ಅಂಗಡಿಯಲ್ಲಿ. ಹಾಗಾಗಿ ಆ ದಾರಿ ಇರಲಿಲ್ಲ.

ಹಳೆಯ ಪಟ್ಟಿಯಲ್ಲಿ ಹೆಸರು RRY ಅಂತ ಮುಗಿಯುವ ಬಣ್ಣ ಮೂರು ಇದ್ದವು: 13 ಒಂದು ಚೆರಿ, 18 ಒಂದು ಕ್ರ್ಯಾನ್‌ಬೆರಿ, 23 ಒಂದು ಮಲ್‌ಬೆರಿ. ನಂಬರಿನ ಕೊನೆ 3 ಆಗಿರುವುದರಿಂದ 18 ಹೋಯಿತು. ಆದರೆ ಅದನ್ನು ಹಾಗೇ ಬಿಡುವುದು ಧೈರ್ಯದ ಕೆಲಸ. 3 ಮತ್ತು 8 ಒಂದರ ಹಾಗೊಂದು ಕಾಣುತ್ತವೆ ಅಂತ ಈಗಷ್ಟೇ ಹೇಳಿದೆನಲ್ಲ. ಹಾಗಾಗಿ ಹೆಸರಿನ ಉದ್ದ ನೋಡಿದೆ. ಸ್ಟಿಕ್ಕರಿನಲ್ಲಿ ಹೆಸರು ಸಾಮಾನ್ಯವಾಗಿ ನಡುವೆ ಕೂತಿರುತ್ತದೆ. RRY ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾದರೆ, ಎಡಗಡೆ ಅಷ್ಟೇ ದೂರದಲ್ಲಿ ಹೆಸರು ಶುರುವಾಗಿರಬೇಕು. ಅಳೆದು ನೋಡಿದರೆ ಎಂಟು ಅಕ್ಷರದಷ್ಟು ಜಾಗ. ಚೆರಿಗೆ ಇಂಗ್ಲಿಷಿನಲ್ಲಿ ಆರು, ಮಲ್‌ಬೆರಿಗೆ ಎಂಟು, ಕ್ರ್ಯಾನ್‌ಬೆರಿಗೆ ಒಂಬತ್ತು. ಎಂಟೋ ಒಂಬತ್ತೋ ಅನ್ನುವ ಅನುಮಾನ ಉಳಿಯಿತು. ಚಿಕ್ಕಮ್ಮ “ಕೆಂಪಲ್ಲ ಕಣೆ, ಮರೂನು, ಸ್ವಲ್ಪ ಕಂದು” ಅಂದರು. ಕ್ರ್ಯಾನ್‌ಬೆರಿ ಕೆಂಪು ಗುಂಪಿನದು. ಅಲ್ಲಿಗೆ 23 ಅಂತ ತೀರ್ಮಾನ.

ಫೌಂಡೇಶನ್ ಬಾಟಲಿಯಲ್ಲಿ ಇದೇ ಆಟ ಇನ್ನೂ ನಾಜೂಕು. ಲಿಪ್‌ಸ್ಟಿಕ್ಕಿನಲ್ಲಿ ಕೆಂಪೋ ಕಂದೋ ಅಂತ ಕಣ್ಣೇ ಹೇಳುತ್ತದೆ. ಫೌಂಡೇಶನ್ನಿನಲ್ಲಿ ಪಕ್ಕದ ಎರಡು ಬಣ್ಣ ಬಾಟಲಿಯಲ್ಲಿ ಒಂದೇ ಥರ ಕಾಣುತ್ತವೆ. ಮೇಬಿಲೀನ್ ಫಿಟ್ ಮಿಯಲ್ಲಿ 228 ಸಾಫ್ಟ್ ಟ್ಯಾನ್ ಇದೆ, 238 ರಿಚ್ ಟ್ಯಾನ್ ಇದೆ. ನಡುವಿನ ಅಂಕಿ ಅಳಿಸಿ ‘ಟ್ಯಾನ್’ ಅಷ್ಟೇ ಉಳಿದರೆ ಯಾವುದು? ಮೊದಲ ಪದ ಎರಡರಲ್ಲೂ ನಾಲ್ಕೇ ಅಕ್ಷರ, ಉದ್ದದ ಉಪಾಯ ನಡೆಯುವುದಿಲ್ಲ. ಆಗ ಅಕ್ಷರದ ಚೂರು ನೋಡಬೇಕು. Soft ಮುಗಿಯುವುದು t ಇಂದ, ಅದರ ತಲೆಗೆ ಅಡ್ಡಗೆರೆ ಇದೆ. Rich ಮುಗಿಯುವುದು h ಇಂದ, ಅದಕ್ಕೆ ಕೆಳಗೆ ಎರಡು ಕಾಲು. ತಳದ ಕಡೆ ಎರಡು ಚುಕ್ಕೆ ಉಳಿದಿದ್ದರೆ ರಿಚ್, ಒಂದೇ ಇದ್ದರೆ ಸಾಫ್ಟ್. ಎಲ್ಲ ದೊಡ್ಡಕ್ಷರದಲ್ಲಿ ಅಚ್ಚಾಗಿದ್ದರೂ ಇದೇ ಲೆಕ್ಕ, T ಗೆ ನಡುವೆ ಒಂದೇ ಕಾಲು.

ಬಾಟಲಿಯ ಮೇಲೆ ಬಾರ್‌ಕೋಡ್ ಇದ್ದರೆ ನಿಮ್ಮ ಅದೃಷ್ಟ. ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೂ ಬೇರೆ ಬಾರ್‌ಕೋಡ್ ಇರುತ್ತದೆ. ಗೆರೆಗಳು ಹಾಳಾಗಿ ಸ್ಕ್ಯಾನ್ ಆಗದಿದ್ದರೂ ಕೆಳಗಿನ 13 ಅಂಕಿ ಓದಿ ಹುಡುಕಬಹುದು. ಅದರಲ್ಲೂ ಒಂದು ಅಂಕಿ ಅಳಿಸಿದ್ದರೆ ಲೆಕ್ಕ ಹಾಕಿ ವಾಪಸ್ ತರಬಹುದು. ಕೊನೆಯ ಅಂಕಿ ಇರುವುದೇ ತಪ್ಪು ಹಿಡಿಯಲಿಕ್ಕೆ. ಎಡದಿಂದ ಒಂದನೇ, ಮೂರನೇ, ಐದನೇ ಹೀಗೆ ಬೆಸ ಸ್ಥಾನದ ಅಂಕಿಗಳನ್ನು ಹಾಗೇ ಕೂಡಿಸಿ. ಎರಡನೇ, ನಾಲ್ಕನೇ, ಹೀಗೆ ಸಮ ಸ್ಥಾನದವನ್ನು ಕೂಡಿಸಿ ಮೂರರಿಂದ ಗುಣಿಸಿ. ಕೊನೆಯ ಅಂಕಿಯೂ ಸೇರಿ ಒಟ್ಟು ಮೊತ್ತ ಸೊನ್ನೆಯಲ್ಲಿ ಮುಗಿಯಬೇಕು. ಉದಾಹರಣೆಗೆ ಸುಮ್ನೆ ಒಂದು ನಂಬರ್ ತೆಗೆದುಕೊಳ್ಳೋಣ, ಒಂಬತ್ತನೇ ಅಂಕಿ ಅಳಿಸಿದೆ:

```
8 9 0 1 2 3 4 5 ? 7 8 9 0
ಬೆಸ ಸ್ಥಾನ: 8+0+2+4+?+8+0 = 22+?
ಸಮ ಸ್ಥಾನ: (9+1+3+5+7+9) × 3 = 102
ಒಟ್ಟು: 124+?  →  ? = 6
```

ಎರಡು ಅಂಕಿ ಹೋಗಿದ್ದರೆ ಈ ಲೆಕ್ಕ ಹತ್ತು ಉತ್ತರ ಕೊಡುತ್ತದೆ. ಹತ್ತನ್ನೂ ಹುಡುಕಿ ನೋಡುವ ತಾಳ್ಮೆ ಇದ್ದರೆ ಅದೂ ಆಗುತ್ತದೆ. ಆದರೆ ಈ ಉಪಾಯ ಲಿಪ್‌ಸ್ಟಿಕ್ಕಿಗೆ ಅಪರೂಪ. ಅದರ ಬಾರ್‌ಕೋಡ್ ಎಷ್ಟೋ ಸಲ ಹೊರಗಿನ ರಟ್ಟಿನ ಪೆಟ್ಟಿಗೆಯ ಮೇಲಿರುತ್ತದೆ, ಪೆಟ್ಟಿಗೆ ಅವತ್ತೇ ಕಸಕ್ಕೆ ಹೋಗಿರುತ್ತದೆ.

ಲೇಬಲ್ಲಿನ ಮೇಲೆ ಬಣ್ಣ ಪದಾರ್ಥಗಳ ಪಟ್ಟಿ ಇರುತ್ತದಲ್ಲ, CI 15850, CI 77491 ಅಂತ, ಅದರಿಂದ ಬಣ್ಣ ಕಂಡುಹಿಡಿಯಬಹುದಾ ಅಂತ ಕೆಲವರು ಕೇಳುತ್ತಾರೆ. ಬಹುತೇಕ ಆಗುವುದಿಲ್ಲ. ಆ ಪಟ್ಟಿಯ ಮುಂದೆ +/- ಅಂತಲೋ May Contain ಅಂತಲೋ ಇದ್ದರೆ, ಈ ಬಗೆಯ ಎಲ್ಲ ಬಣ್ಣಗಳಿಗೂ ಸೇರಿ ಇದೊಂದೇ ಪಟ್ಟಿ ಅಂತ ಅರ್ಥ. ತಿಳಿ ಗುಲಾಬಿಗೂ ಅದೇ, ಕಡು ಮರೂನಿಗೂ ಅದೇ.

ಹೆಸರು ಸಿಕ್ಕಿತು, ಬಣ್ಣ ನಿಂತುಹೋಗಿದೆ

23 ಮಲ್‌ಬೆರಿ ಅಂತ ಗೊತ್ತಾಯಿತು. ಆದರೆ ಕಂಪನಿ ಆ ಸ್ಯಾಟಿನ್ ಬಗೆಯನ್ನೇ ಹೊಸದಾಗಿ ಮಾಡಿದೆ. ಹೊಸ ಟ್ಯೂಬ್, ಹೊಸ ನಂಬರ್, ಹೊಸ ಹೆಸರು. 23 ಇಲ್ಲ. ಕಸ್ಟಮರ್ ಕೇರ್‌ಗೆ ಮೇಲ್ ಬರೆದರೆ ಕೆಲವು ಕಂಪನಿಗಳು ‘ಅದರ ಬದಲು ಇದು’ ಅಂತ ಹೇಳುತ್ತವೆ. ಕೇಳಿ ನೋಡಬೇಕು, ಆದರೆ ಅವರ ಉತ್ತರವನ್ನೂ ಹಚ್ಚಿ ನೋಡಿಯೇ ನಂಬಬೇಕು.

ಇಲ್ಲಿ ಎರಡು ಮೋಸಗಳಿವೆ. ಮೊದಲನೆಯದು, ಹೆಸರು ಅದೇ ಇದ್ದು ಒಳಗಿನ ಸರಕು ಬದಲಾಗುವುದು. ಮ್ಯಾಕ್ 2024ರಲ್ಲಿ ತನ್ನ ಹಳೆಯ ಮ್ಯಾಟ್ ಲಿಪ್‌ಸ್ಟಿಕ್ಕಿನ ಜಾಗಕ್ಕೆ ಮ್ಯಾಕ್ಸಿಮಲ್ ಸಿಲ್ಕಿ ಮ್ಯಾಟ್ ತಂದಿತು. ನಮ್ಮಲ್ಲಿ ತುಂಬ ಜನಕ್ಕೆ ಗೊತ್ತಿರುವ ಮೆಹರ್, ವೆಲ್ವೆಟ್ ಟೆಡ್ಡಿ ಹೆಸರುಗಳು ಹಾಗೇ ಉಳಿದವು. ಆದರೆ ಒಳಗಿನ ಮೇಣ, ಎಣ್ಣೆಯ ಮಿಶ್ರಣ ಬೇರೆ. ಹಚ್ಚಿದಾಗ ಹೊಳಪು ಬೇರೆಯಾದರೆ ಕಣ್ಣಿಗೆ ಬಣ್ಣವೂ ಬೇರೆ ಅನ್ನಿಸುತ್ತದೆ. ಎರಡನೆಯದು ಇದರ ಉಲ್ಟಾ. ಹೆಸರು, ನಂಬರ್ ಎರಡೂ ಒಂದೇ, ಕಂಪನಿ ಬೇರೆ. ರೆವ್ಲಾನ್ ಕಲರ್‌ಸ್ಟೇಯಲ್ಲಿ 220 ನ್ಯಾಚುರಲ್ ಬೀಜ್ ಅಂತ ಇದೆ. ಮೇಬಿಲೀನ್ ಫಿಟ್ ಮಿಯಲ್ಲೂ 220 ನ್ಯಾಚುರಲ್ ಬೀಜ್ ಅಂತಲೇ ಇದೆ. ಇದು ಬರೀ ಕಾಕತಾಳೀಯ. ಒಂದರ ಬದಲು ಇನ್ನೊಂದು ತರಿಸಿದರೆ ಹೊಂದುತ್ತದೆ ಅಂತ ಯಾವ ಖಾತ್ರಿಯೂ ಇಲ್ಲ.

ಫೌಂಡೇಶನ್ ನಂಬರಿನ ಮುಂದಿನ ಅಕ್ಷರಗಳಲ್ಲೂ ಹುಷಾರು. ಎಸ್ಟೀ ಲಾಡರ್ ಡಬಲ್ ವೇರ್‌ನಲ್ಲಿ 3W1 ಅಂದರೆ W ಬೆಚ್ಚಗಿನ, ಹಳದಿ ಛಾಯೆಯದು. C ಅಂದರೆ ತಣ್ಣಗಿನ, ಗುಲಾಬಿ ಛಾಯೆ. ಮ್ಯಾಕ್‌ನಲ್ಲಿ ನೋಡಿ, NC ಇರುವುದು ಹಳದಿ, ಚಿನ್ನದ ಛಾಯೆಯ ಮೈಬಣ್ಣಕ್ಕೆ. NW ಗುಲಾಬಿ ಛಾಯೆಗೆ. ಪೂರ್ತಿ ತಿರುಗಾಮುರುಗಾ. NC42 ಬಳಸುತ್ತಿದ್ದವರು ಬೇರೆ ಕಂಪನಿಗೆ ಹೋಗುವಾಗ C ನೋಡಿ C ಹುಡುಕಿದರೆ ಮುಖ ಬೂದು ಬಡಿದ ಹಾಗಾಗುತ್ತದೆ. ಅವರಿಗೆ ಬೇಕಿರುವುದು W.

ಹಾಗಾದರೆ ‘ಹತ್ತಿರದ ಬಣ್ಣ’ ಅಂದರೆ ಯಾವ ಲೆಕ್ಕದಲ್ಲಿ ಹತ್ತಿರ? ಮೂರು ವಿಷಯ ನೋಡಬೇಕು. ಬಣ್ಣ ಎಷ್ಟು ಗಾಢ, ಒಳಗಿನ ಛಾಯೆ ಯಾವ ಕಡೆ, ಹೊಳಪು ಎಂಥದ್ದು. ಮೂರೂ ಹೊಂದುವುದು ಅಪರೂಪ. ಯಾವುದನ್ನು ಬಿಟ್ಟುಕೊಡಬೇಕು ಅನ್ನುವುದೇ ಇಲ್ಲಿ ಮುಖ್ಯ. ಹೆಚ್ಚಿನವರು ಗಾಢತೆಯನ್ನು ಹಿಡಿದುಕೊಂಡು ಛಾಯೆಯನ್ನು ಬಿಟ್ಟುಬಿಡುತ್ತಾರೆ, ಯಾಕೆಂದರೆ ಫೋಟೊದಲ್ಲಿ ಕಾಣುವುದು ಗಾಢತೆ. ನನ್ನ ಪ್ರಕಾರ ಮಾಡಬೇಕಾದದ್ದು ಉಲ್ಟಾ. ಗಾಢತೆ ಕಡಿಮೆ ಇದ್ದರೆ ಇನ್ನೊಂದು ಪದರ ಹಚ್ಚಬಹುದು, ಕೆಳಗೆ ಕಡು ಬಣ್ಣದ ಲಿಪ್ ಪೆನ್ಸಿಲ್ ಎಳೆಯಬಹುದು. ಜಾಸ್ತಿ ಇದ್ದರೆ ಟಿಶ್ಯೂ ಒತ್ತಿ ತೆಗೆಯಬಹುದು. ಹೊಳಪಿಗೂ ಉಪಾಯ ಇದೆ. ಮ್ಯಾಟ್ ಮೇಲೆ ಚೂರು ಬಾಮ್ ಸವರಿದರೆ ಸ್ಯಾಟಿನ್ನಿನ ಹತ್ತಿರ ಬರುತ್ತದೆ. ಛಾಯೆ ತಪ್ಪಿದರೆ ಮಾತ್ರ ಮಾಡುವುದಕ್ಕೆ ಹೆಚ್ಚೇನೂ ಇಲ್ಲ. ಕಂದು ಮರೂನಿನ ಜಾಗಕ್ಕೆ ನೀಲಿ ಬೆರೆತ ಮರೂನು ಬಂದರೆ ಎಷ್ಟು ಪದರ ಹಾಕಿದರೂ ಅದು ನೀಲಿ ಮರೂನೇ.

ಛಾಯೆ ತಿಳಿಯುವುದಕ್ಕೆ ಬಿಳಿ ಕಾಗದ ಸಾಕು. ಚಿಕ್ಕಮ್ಮನ ಟ್ಯೂಬನ್ನು ಬಸ್ಸಿಗೆ ಬಂದ ತಮ್ಮನ ಕೈಯಲ್ಲಿ ಬೆಂಗಳೂರಿಗೆ ತರಿಸಿಕೊಂಡೆ. ತುದಿಯ ಒಂದೆರಡು ಮಿಲಿಮೀಟರ್ ಬ್ಲೇಡಿನಿಂದ ಕೆರೆದು ತೆಗೆದೆ. ಹಳೆಯ ಲಿಪ್‌ಸ್ಟಿಕ್ಕಿನ ಮೇಲ್ಪದರ ಗಾಳಿ, ಧೂಳು, ಬೆವರಿದ ಎಣ್ಣೆ ಸೇರಿ ಬಣ್ಣ ಕೆಟ್ಟಿರುತ್ತದೆ. ಒಳಗಿನದು ಇನ್ನೂ ನಿಜ ಹೇಳುತ್ತದೆ. ಆಮೇಲೆ ಕಾಗದದ ಮೇಲೆ ಒಂದು ದಪ್ಪ ಗೆರೆ, ಅದನ್ನೇ ಬೆರಳಿನಿಂದ ಎಳೆದು ತೆಳುವಾಗಿ ಹರಡಿದೆ. ದಪ್ಪ ಜಾಗದಲ್ಲಿ ಎಲ್ಲ ಮರೂನೂ ಒಂದೇ. ತೆಳುವಾದ ಕಡೆ ಗುಟ್ಟು ಹೊರಬೀಳುತ್ತದೆ. ಕೆಲವು ಗುಲಾಬಿ ನೇರಳೆಗೆ ತಿರುಗುತ್ತವೆ, ಕೆಲವು ಇಟ್ಟಿಗೆಯ ಕಡೆಗೆ. ಚಿಕ್ಕಮ್ಮನದ್ದು ಕಾಫಿ ಪುಡಿ ಬೆರೆತ ಕೆಂಪಾಗಿ ಹರಡಿತು.

ತುಟಿಗೆ ಹಚ್ಚಿ ನೋಡಲಿಲ್ಲ. ಅವಧಿ ಮೀರಿದ್ದನ್ನು ತುಟಿಗೆ ಹಚ್ಚಬಾರದು, ಅದರಲ್ಲೂ ಎಣ್ಣೆ ಕಮಟು ವಾಸನೆ ಬರುತ್ತಿದ್ದರೆ. ಮುಂಗೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಹತ್ತು ನಿಮಿಷ ಬಿಟ್ಟು ಟಿಶ್ಯೂನಿಂದ ಒರೆಸಿದೆ. ಇದು ಅನೇಕರು ಮಾಡದ ಪರೀಕ್ಷೆ. ಕೆಲವು ಲಿಪ್‌ಸ್ಟಿಕ್‌ಗಳಲ್ಲಿ CI 45380, CI 45410 ಗುಂಪಿನ ಬಣ್ಣಗಳಿರುತ್ತವೆ, ಅವು ಚರ್ಮಕ್ಕೆ ಕಲೆಯ ಹಾಗೆ ಹಿಡಿಯುತ್ತವೆ. ಒರೆಸಿದ ಮೇಲೂ ಗುಲಾಬಿ ಗುರುತು ಉಳಿಯುತ್ತದೆ. ಊಟ ಮಾಡಿ ಎದ್ದ ಮೇಲೆ ತುಟಿಯಲ್ಲಿ ಉಳಿಯುವುದು ಆ ಗುಲಾಬಿಯೇ. ಕಬ್ಬಿಣದ ಆಕ್ಸೈಡಿನಿಂದಾದ ಕಂದುಗಳು, ಅಂದರೆ CI 77491ರಂಥವು, ಹಾಗೆ ಹಿಡಿಯುವುದಿಲ್ಲ, ಒರೆಸಿದರೆ ಹೋಗುತ್ತವೆ. ಹಚ್ಚಿದಾಗ ಒಂದೇ ಥರ ಇದ್ದ ಎರಡು ಬಣ್ಣ ಮೂರು ಗಂಟೆ ಕಳೆದ ಮೇಲೆ ಬೇರೆ ಬೇರೆ ಆಗುವುದು ಇದರಿಂದಲೇ. ಚಿಕ್ಕಮ್ಮನ 23 ಹೆಚ್ಚೇನೂ ಗುರುತು ಬಿಡಲಿಲ್ಲ.

ಆ ಕಾಗದ ಹಿಡಿದು ಅಂಗಡಿಗೆ ಹೋದೆ. ಅದೇ ಕಂಪನಿಯ ಹೊಸ ಪಟ್ಟಿಯಲ್ಲಿ ಮೂರು ಬಣ್ಣ ಆರಿಸಿಕೊಂಡಿದ್ದೆ. ಒಂದರ ಹೆಸರಿನಲ್ಲಿ ಬೆರಿ ಇತ್ತು, ಹಾಗಾಗಿ ಅದೇ ಇರಬೇಕು ಅನ್ನಿಸಿತ್ತು. ಅದು ಮ್ಯಾಟ್, ತೆಳುವಾಗಿ ಎಳೆದರೆ ನೇರಳೆಯ ಕಡೆ ಹೋಯಿತು. ಎರಡನೆಯದು ವೈನ್ ಅಂತ ಹೆಸರಿನ ಸ್ಯಾಟಿನ್. ಗಾಢತೆ ತಕ್ಕಡಿಯಲ್ಲಿ ತೂಗಿದ ಹಾಗೆ ಸರಿಯಾಗಿತ್ತು. ಕೌಂಟರಿನ ಹುಡುಗಿ “ಇದೇ ಮೇಡಂ, ಡಿಟ್ಟೊ” ಅಂದಳು. ಅಂಗಡಿಯ ದೀಪದ ಕೆಳಗೆ ನನಗೂ ಹಾಗೇ ಕಂಡಿತು. ಮೂರನೆಯದು ಕಾಫಿಯ ಹೆಸರಿನದು, ಸ್ಯಾಟಿನ್ನೇ, ಆದರೆ ಹಳೆಯದಕ್ಕಿಂತ ಒಂದು ಮೆಟ್ಟಿಲು ತಿಳಿ.

ಮೂರೂ ಗೆರೆಗಳಿರುವ ಕಾಗದ ಹಿಡಿದು ಬಾಗಿಲ ಹೊರಗೆ ಬಿಸಿಲಿಗೆ ಬಂದೆ. ವೈನ್ ಬಣ್ಣ ಅಲ್ಲಿ ನೀಲಿಗೆ ತಿರುಗಿಬಿಟ್ಟಿತು, 23ರ ಪಕ್ಕ ಬೇರೆ ಜಾತಿಯ ಹಾಗೆ ಕಂಡಿತು. ಇದು ಕಣ್ಣಿನ ಭ್ರಮೆಯಲ್ಲ. ಎರಡು ಬಣ್ಣಗಳನ್ನು ಬೇರೆ ಬೇರೆ ಪುಡಿಗಳಿಂದ ಮಾಡಿದ್ದರೆ, ಒಂದು ದೀಪದ ಕೆಳಗೆ ಅವು ಒಂದೇ ಆಗಿ ಕಾಣಬಹುದು, ಇನ್ನೊಂದು ಬೆಳಕಿನಲ್ಲಿ ಬೇರೆಯಾಗಬಹುದು. ದೀಪದಲ್ಲಿ ಇಲ್ಲದ ಬಣ್ಣವನ್ನು ಯಾವ ಪುಡಿಯೂ ಕಣ್ಣಿಗೆ ತಿರುಗಿಸಿ ಕೊಡಲಾರದು. ಬಟ್ಟೆ ಅಂಗಡಿಯಲ್ಲಿ ಬ್ಲೌಸ್ ಪೀಸನ್ನು ಸೀರೆಯ ಜೊತೆ ಬಾಗಿಲಿಗೆ ತಂದು ನೋಡುವುದಿಲ್ವಾ, ಅದಕ್ಕೂ ಕಾರಣ ಇದೇ. ಮೂರನೆಯದು ಮಾತ್ರ ಬಿಸಿಲಿನಲ್ಲೂ 23ರ ಅಣ್ಣತಮ್ಮನ ಹಾಗೇ ಇತ್ತು.

ಫೌಂಡೇಶನ್ ಆಗಿದ್ದರೆ ಈ ಹಂತದಲ್ಲಿ ಇನ್ನೊಂದು ಕಾಯುವಿಕೆ ಇದೆ. ದವಡೆಯ ಮೇಲೆ ಗೆರೆ ಎಳೆದು ಅರ್ಧ ಗಂಟೆ ಬಿಡಬೇಕು. ಒಣಗುತ್ತ, ಚರ್ಮದ ಎಣ್ಣೆ ಹೀರುತ್ತ ಎಷ್ಟೋ ಫೌಂಡೇಶನ್‌ಗಳು ಸ್ವಲ್ಪ ಕಡುವಾಗುತ್ತವೆ. ಹಳೆಯ ಬಾಟಲಿಯ ತಳದಲ್ಲಿ ಉಳಿದ ಸರಕನ್ನು ಅಳತೆಗೋಲು ಮಾಡಿಕೊಳ್ಳಲೂಬಾರದು. ನೀರಿನಂಶ ಆರಿ, ಪುಡಿ ತಳಕ್ಕೆ ಇಳಿದು, ಅದು ಮೂಲಕ್ಕಿಂತ ಕಡುವಾಗಿರುತ್ತದೆ. ಅದಕ್ಕೆ ಹೊಂದಿಸಿ ಕೊಂಡರೆ ಒಂದು ಮೆಟ್ಟಿಲು ಗಾಢ ಬರುತ್ತದೆ. ಅಲ್ಲಿ ನಂಬಬೇಕಾದದ್ದು ಇವತ್ತಿನ ಕುತ್ತಿಗೆಯ ಬಣ್ಣವನ್ನು, ಹಳೆಯ ಬಾಟಲಿಯನ್ನಲ್ಲ. ಲೇಬಲ್ಲಿನಿಂದ ತೆಗೆದುಕೊಳ್ಳಬೇಕಾದದ್ದು ಛಾಯೆಯ ಅಕ್ಷರವನ್ನು ಮಾತ್ರ.

‘ಹಳೆಯ ಸ್ಟಾಕ್ ಇದೆ’ ಅಂತ 23ನ್ನೇ ಮಾರುವ ಒಬ್ಬರು ಆನ್‌ಲೈನಿನಲ್ಲಿ ಸಿಕ್ಕಿದ್ದರು. ಬೆಲೆ ಎರಡು ಪಟ್ಟು. ತಳದ ಫೋಟೊ ಕಳಿಸಿ ಅಂದೆ. ಬಂದ ಫೋಟೊದಲ್ಲಿ ಬ್ಯಾಚ್ ನಂಬರಿನ ಜಾಗ ಖಾಲಿ, ತೂಕ 3.5 ಗ್ರಾಂ. ಆ ಬಗೆ ಅಷ್ಟು ತೂಕದಲ್ಲಿ ಬಂದೇ ಇರಲಿಲ್ಲ. ಅಲ್ಲಿಗೆ ಬಿಟ್ಟೆ.

ಕಾಫಿ ಬಣ್ಣದ್ದನ್ನು ತಂದು, ಜೊತೆಗೆ ಕಡು ಕಂದು ಪೆನ್ಸಿಲ್ ಒಂದನ್ನು ಸೇರಿಸಿ ಶಿವಮೊಗ್ಗಕ್ಕೆ ಕಳಿಸಿದೆ. ಮೊದಲು ಪೆನ್ಸಿಲ್ ತುಂಬಿ, ಮೇಲೆ ಎರಡು ಪದರ ಹಚ್ಚಿ ಅಂತ ಹೇಳಿದ್ದೆ. ಮುಹೂರ್ತದ ದಿನ ಬೆಳಗ್ಗೆ ಛತ್ರದ ಅಂಗಳದಲ್ಲಿ, ಬಿಸಿಲಿನಲ್ಲಿ ಚಿಕ್ಕಮ್ಮನನ್ನು ನೋಡಿದೆ. 23ಕ್ಕಿಂತ ಕೂದಲೆಳೆಯಷ್ಟು ತಿಳಿ. ನನಗೆ ಮಾತ್ರ ಗೊತ್ತಾಗುವಷ್ಟು ಅಂದುಕೊಂಡೆ.

“ಸ್ವಲ್ಪ ಲೈಟ್ ಆಯ್ತು ಕಣೆ,” ಅಂದರು ಚಿಕ್ಕಮ್ಮ. ಆಮೇಲೆ ಬ್ಯಾಗಿನಿಂದ ಟ್ಯೂಬ್ ತೆಗೆದು ತಳ ತೋರಿಸಿದರು. ಹೊಸ ನಂಬರಿನ ಮೇಲೆ ಆಗಲೇ ಸೆಲ್ಲೊಟೇಪು ಅಂಟಿಸಿದ್ದರು.